ಮನೆಗೊಂದು ಫೋನು, ಮಗುವಿಗೆಷ್ಟು ಹೊತ್ತು?



ಡಿಜಿಟಲ್ ಕಂದಕ ಎಂದೊಡನೆ ನಮ್ಮಲ್ಲಿ ಹಲವರ ಕಣ್ಣ ಮುಂದೆ ಬರುವುದು 2021ರ ಜೂನ್ ತಿಂಗಳಲ್ಲಿ ಪತ್ರಿಕೆಗಳಲ್ಲಿ ಅಚ್ಚಾದ ಒಂದು ಚಿತ್ರ. ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸುರಿಯುವ ಮಳೆಯಲ್ಲಿ ರಸ್ತೆ ಬದಿಗೆ ಕುಳಿತು ಹುಡುಗಿಯೊಬ್ಬಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ತಂದೆ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಾರೆ. ಮಲೆನಾಡಿನ ಆ ಕಷ್ಟ ನಿಜವಾದದ್ದು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ ಮಕ್ಕಳ ಸುದ್ದಿ ಕೊರೊನಾ ಕಾಲದ ಆ ಎರಡು ವರ್ಷ ನಿಲ್ಲಲೇ ಇಲ್ಲ. ಆದರೆ ಆ ಚಿತ್ರ ನಮ್ಮ ಕಡೆಯವರಿಗೆ ಒಂದು ಅನುಕೂಲದ ತಪ್ಪುಕಲ್ಪನೆಯನ್ನೂ ಬಿಟ್ಟುಹೋಯಿತು. ಟವರ್ ಇಲ್ಲದ ಕಡೆ ಮಾತ್ರ ಕಂದಕವಿದೆ, ಬಯಲುಸೀಮೆಯಲ್ಲಿ, ಅದರಲ್ಲೂ ಮೈಸೂರಿನ ಮಗ್ಗುಲಲ್ಲಿರುವ ಪಾಲಹಳ್ಳಿಯಂಥ ಊರಿನಲ್ಲಿ, ಅದು ದೊಡ್ಡ ಸಂಗತಿಯಲ್ಲ ಎಂಬ ಕಲ್ಪನೆ ಅದು. ನಾನು ಈ ಹೊತ್ತು ವಾದಿಸಹೊರಟಿರುವುದು ಇದಕ್ಕೆ ತಿರುಗುಮುರುಗಾದ ಮಾತನ್ನು. ಸಿಗ್ನಲ್ ಇರುವ ಊರಿನಲ್ಲಿ, ಫೋನ್ ಇರುವ ಮನೆಯೊಳಗೇ ಇರುವ ಕಂದಕ ಹೆಚ್ಚು ಆಳವಾದದ್ದು. ಅದು ಕ್ಯಾಮೆರಾಕ್ಕೆ ಸಿಗುವುದಿಲ್ಲ, ನಮ್ಮ ಸಮೀಕ್ಷೆಗಳಿಗೂ ಸುಲಭವಾಗಿ ಸಿಗುವುದಿಲ್ಲ.

ಕಾಲದ ಲೆಕ್ಕವನ್ನು ಮೊದಲು ನೆನಪಿಗೆ ತಂದುಕೊಳ್ಳೋಣ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಯ ಬಾಗಿಲು ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು. ಒಂದನೇ ತರಗತಿಯ ಕೊನೆಯಲ್ಲಿ ಮನೆಗೆ ಹೋದ ಮಗು ಮೂರನೇ ತರಗತಿಯ ನಡುವೆ ವಾಪಸು ಬಂತು. ಈ ನಡುವೆ ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. 2020ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಎಂಟರಿಂದ ಹತ್ತನೇ ತರಗತಿಗೆ ‘ಸಂವೇದ’ ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗುವ ‘ವಿದ್ಯಾಗಮ’ ಬಂತು. ವಿದ್ಯಾಗಮದಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಲು ಹೇಳಲಾಗಿತ್ತು: ಫೋನೇ ಇಲ್ಲದ ಮನೆಯವರು, ಕೀಪ್ಯಾಡ್ ಫೋನಿನವರು, ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನಿನವರು. ನನ್ನ ವಾದ ಹುಟ್ಟುವುದು ಈ ಮೂರು ಗುಂಪಿನಿಂದಲೇ. ಮೊದಲೆರಡು ಗುಂಪಿನ ಮಕ್ಕಳಿಗೆ ಮೇಷ್ಟ್ರು ಎದುರು ಬಂದು ಕೂರಬೇಕೆಂಬುದು ಎಲ್ಲರಿಗೂ ಹೊಳೆಯಿತು. ಮೂರನೆಯ ಗುಂಪಿನ ಮಕ್ಕಳ ಹೆಸರಿನ ಮುಂದೆ ಗುರುತು ಹಾಕಿ, ಇವರಿಗೆ ತಲುಪುತ್ತದೆ ಎಂದುಕೊಂಡೆವು. ಆ ಗುರುತು ಮನೆಯ ಬಗ್ಗೆ ಹಾಕಿದ್ದು, ಮಗುವಿನ ಬಗ್ಗೆ ಹಾಕಿದ್ದಲ್ಲ.

ಅಂಕಿಅಂಶಗಳೂ ಇದೇ ದಾರಿಯಲ್ಲಿ ನಡೆದಿವೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ 75ನೇ ಸುತ್ತಿನ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ಶೇ. 14.9ರಷ್ಟಕ್ಕೆ, ಕಂಪ್ಯೂಟರ್ ಇದ್ದದ್ದು ಶೇ. 4.4ಕ್ಕೆ. ಕರ್ನಾಟಕದ ಹಳ್ಳಿಗಳಲ್ಲಿ ಆ ಅಂಕಿ ಇನ್ನೂ ಕಡಿಮೆ: ಇಂಟರ್ನೆಟ್ ಶೇ. 8.3, ಕಂಪ್ಯೂಟರ್ ಶೇ. 2. ಮಾಹಿತಿ ತಂತ್ರಜ್ಞಾನದ ರಾಜಧಾನಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ರಾಜ್ಯದ ಲೆಕ್ಕವಿದು. ಆಮೇಲೆ ಫೋನುಗಳು ವೇಗವಾಗಿ ಬಂದವು. ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಶಾಲಾ ಮಕ್ಕಳಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರ ಪಾಲು 2018ರಲ್ಲಿ ಶೇ. 36.5 ಇದ್ದದ್ದು 2021ರ ಹೊತ್ತಿಗೆ ಶೇ. 67.6ಕ್ಕೆ ಏರಿತು. ಅದೇ ಸಮೀಕ್ಷೆ ಮುಂದಿನ ಪ್ರಶ್ನೆಯನ್ನೂ ಕೇಳಿತು: ಫೋನು ಮನೆಯಲ್ಲಿದೆ ಸರಿ, ಓದಲಿಕ್ಕೆ ಮಗುವಿನ ಕೈಗೆ ಸಿಗುತ್ತದೆಯೇ? ಫೋನ್ ಇರುವ ಮನೆಯ ಮಕ್ಕಳಲ್ಲೇ ಶೇ. 26ರಷ್ಟು ಮಂದಿಗೆ ಅದು ಸಿಗುತ್ತಲೇ ಇರಲಿಲ್ಲ. ಬೇಕೆಂದಾಗಲೆಲ್ಲ ಸಿಗುತ್ತಿದ್ದದ್ದು ಕಾಲುಭಾಗದಷ್ಟು ಮಕ್ಕಳಿಗೆ ಮಾತ್ರ. ಉಳಿದ ಅರ್ಧದಷ್ಟು ಮಕ್ಕಳಿಗೆ ‘ಕೆಲವು ಸಲ’. ಚಿಕ್ಕ ತರಗತಿಯ ಮಕ್ಕಳಿಗೆ ಸಿಗದಿರುವುದು ಇನ್ನೂ ಹೆಚ್ಚು. ಮನೆಯನ್ನು ಎಣಿಸಿ ಮಗುವಿಗೆ ದಕ್ಕಿದೆ ಎಂದು ಬರೆದುಕೊಳ್ಳುವುದು, ನಾಲೆ ಹಾದುಹೋದ ಊರಿನ ಎಲ್ಲ ಗದ್ದೆಗೂ ನೀರು ಹರಿದಿದೆ ಎಂದು ದಾಖಲೆ ಮಾಡಿದ ಹಾಗೆ. ನಾಲೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ‘ಕೆಲವು ಸಲ’ ಎಂಬುದರ ಒಳಗೇನಿದೆ ಎಂದು ನೋಡಲು ಲೆಕ್ಕಕ್ಕಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕೆ.ಆರ್. ಪೇಟೆ ತಾಲ್ಲೂಕಿನ ಮನೆ ಎಂದಿಟ್ಟುಕೊಳ್ಳಿ, ಪಾಂಡವಪುರದ್ದಾದರೂ ವ್ಯತ್ಯಾಸವಿಲ್ಲ. ಒಂದೇ ಸ್ಮಾರ್ಟ್‌ಫೋನು, ದಿನಕ್ಕೆ 1.5 ಜಿಬಿಯ ನೆಟ್ ಪ್ಯಾಕು. ಅಪ್ಪ ಗೂಡ್ಸ್ ಆಟೊ ಓಡಿಸುತ್ತಾನೆ. ಬಾಡಿಗೆಯ ಕರೆ ಬರುವುದು ಅದೇ ನಂಬರಿಗೆ, ಆದ್ದರಿಂದ ಬೆಳಿಗ್ಗೆ ಎಂಟಕ್ಕೆ ಫೋನು ಅವನ ಜೊತೆ ಮನೆ ಬಿಡುತ್ತದೆ, ರಾತ್ರಿ ಏಳಕ್ಕೆ ಬರುತ್ತದೆ. ಮಗ ಪಿಯುಸಿ, ಮಗಳು ಎಂಟನೇ ತರಗತಿ. ಮಗನ ಕಾಲೇಜಿನ ನೇರ ತರಗತಿಗಳು ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಫೋನ್ ಊರಲ್ಲೇ ಇಲ್ಲ, ಹಾಗಾಗಿ ಅವು ಪೂರ್ತಿ ಹೋದವು. ರಾತ್ರಿ ಊಟದ ಗಡಿಬಿಡಿ, ಬಂಧುಗಳ ಕರೆ, ಚಾರ್ಜಿಂಗ್ ಎಲ್ಲ ಕಳೆದು ಎಂಟರಿಂದ ಹತ್ತೂವರೆಯ ತನಕ ಫೋನು ಮಕ್ಕಳಿಗೆ ಸಿಕ್ಕಿತು ಎನ್ನೋಣ. ದೊಡ್ಡ ಪರೀಕ್ಷೆ ಇರುವವನು ಮಗ, ಆದ್ದರಿಂದ ಮೊದಲ ಸರದಿ ಅವನದು. ರೆಕಾರ್ಡ್ ಆದ ವಿಡಿಯೊ ಪಾಠಕ್ಕೆ ಗಂಟೆಗೆ ಸುಮಾರು ಅರ್ಧದಿಂದ ಒಂದು ಜಿಬಿ ಬೇಕು. ಹಗಲೆಲ್ಲ ಅಪ್ಪನ ಬಳಕೆಯೂ ಆಗಿದೆ. ಒಂದೂವರೆ ಗಂಟೆಯಲ್ಲಿ ಆ ದಿನದ ಡೇಟಾ ಮುಗಿಯುತ್ತದೆ. ಒಂಬತ್ತೂವರೆಗೆ ಫೋನು ಮಗಳ ಕೈಗೆ ಬರುವಾಗ ವೇಗ ಸೆಕೆಂಡಿಗೆ 64 ಕಿಲೊಬಿಟ್‌ಗೆ ಇಳಿದಿದೆ. ಆ ವೇಗದಲ್ಲಿ ಒಂದು ಗಂಟೆ ಕಾದರೆ ಇಳಿಯುವುದು 29 ಎಂಬಿ. ಮೇಷ್ಟ್ರು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ 20 ಎಂಬಿಯ ಗಣಿತದ ವಿಡಿಯೊ ತೆರೆಯಲು 42 ನಿಮಿಷ ಬೇಕು. ಅದು ತೆರೆಯುವ ಹೊತ್ತಿಗೆ ಹತ್ತು ದಾಟಿದೆ, ಹುಡುಗಿಗೆ ನಿದ್ದೆ ಬಂದಿದೆ. ಮಾರನೇ ದಿನ ಸಮೀಕ್ಷೆಯವರು ಬಂದು ಕೇಳಿದರೆ ಉತ್ತರಗಳು ಹೀಗಿರುತ್ತವೆ: ಸ್ಮಾರ್ಟ್‌ಫೋನ್ ಇದೆ, ಇಂಟರ್ನೆಟ್ ಇದೆ, ಶಾಲೆಯಿಂದ ಪಾಠ ತಲುಪಿದೆ. ಮೂರೂ ಸುಳ್ಳಲ್ಲ. ಮೂರೂ ಸೇರಿ ಆ ಹುಡುಗಿಯ ಬಗ್ಗೆ ನಿಜವನ್ನೂ ಹೇಳುವುದಿಲ್ಲ.

ಈ ಮನೆಯಲ್ಲಿ ಯಾರೂ ದುಷ್ಟರಲ್ಲ. ಅಪ್ಪ ಫೋನ್ ಬಿಟ್ಟು ಹೋದರೆ ಬಾಡಿಗೆ ತಪ್ಪುತ್ತದೆ, ಬಾಡಿಗೆ ತಪ್ಪಿದರೆ ಕರೆನ್ಸಿ ಹಾಕಿಸಲು ದುಡ್ಡಿಲ್ಲ. ದುಡಿಯುವವರ ಬೆನ್ನ ಹಿಂದೆಯೇ ಫೋನು ಹೋಗುತ್ತದೆ ಎಂಬುದು ನಮ್ಮ ತಾಲ್ಲೂಕುಗಳನ್ನು ಅರ್ಥ ಮಾಡಿಕೊಳ್ಳಲು ಮುಖ್ಯವಾದ ಸೂತ್ರ. ನಾಗಮಂಗಲ, ಕೆ.ಆರ್. ಪೇಟೆಗಳಿಂದ ಬೆಂಗಳೂರಿಗೆ, ಮುಂಬೈಗೆ ದುಡಿಯಲು ಹೋದವರು ಬಹಳ. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಮರಳಿದವರು ಈ ಎರಡು ತಾಲ್ಲೂಕುಗಳ ಕ್ವಾರಂಟೈನ್ ಕೇಂದ್ರಗಳನ್ನು ತುಂಬಿದ್ದು, ಮಂಡ್ಯ ಜಿಲ್ಲೆಯ ಹೆಸರು ದಿನವೂ ಆರೋಗ್ಯ ಇಲಾಖೆಯ ಪ್ರಕಟಣೆಯಲ್ಲಿ ಕೇಳಿಬಂದದ್ದು ನಿಮಗೆ ನೆನಪಿದೆ. ಅಂಥ ಕುಟುಂಬಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ದುಡಿಯುವವರು ಊರಿಗೆ ಬಂದಾಗ ಫೋನು ಮನೆಯಲ್ಲಿರುತ್ತದೆ, ಡೇಟಾಗೆ ದುಡ್ಡಿರುವುದಿಲ್ಲ. ಅವರು ಮತ್ತೆ ಕೆಲಸಕ್ಕೆ ಹೋದಾಗ ದುಡ್ಡು ಬರುತ್ತದೆ, ಫೋನು ಹೋಗುತ್ತದೆ. ಅಜ್ಜ ಅಜ್ಜಿಯರ ಬಳಿ ಉಳಿದ ಮಗುವಿನ ಪಾಲಿಗೆ ಇರುವುದು ಕೀಪ್ಯಾಡ್ ಫೋನು.

ಸಮಾಜಶಾಸ್ತ್ರಜ್ಞರು ಇದನ್ನು ಹಂತಗಳಾಗಿ ನೋಡಿದ್ದಾರೆ. ಸಾಧನ ಇದೆಯೋ ಇಲ್ಲವೋ ಎಂಬುದು ಮೊದಲ ಹಂತ. ಬಳಸುವ ಕೌಶಲದ ಅಂತರ ಎರಡನೆಯದು ಎಂದು ಎಸ್ಟರ್ ಹಾರ್ಗಿಟ್ಟಾಯ್ 2002ರಲ್ಲಿ ತೋರಿಸಿದರು. ಡಚ್ ವಿದ್ವಾಂಸ ಯಾನ್ ವಾನ್ ಡೈಕ್ ಆಸಕ್ತಿ, ಸಾಧನ, ಕೌಶಲ, ಬಳಕೆ ಎಂದು ಮೆಟ್ಟಿಲು ಕಟ್ಟಿದರು. ಇವೆಲ್ಲ ಉಪಯುಕ್ತವೇ. ಆದರೆ ಈ ಮೆಟ್ಟಿಲುಗಳನ್ನು ಹತ್ತುವವನು ಸ್ವಂತ ಸಾಧನವಿರುವ ಒಬ್ಬ ವ್ಯಕ್ತಿ ಎಂಬ ಊಹೆ ಒಳಗೊಳಗೇ ಇದೆ. ನಮ್ಮಲ್ಲಿ ಫೋನು ವ್ಯಕ್ತಿಯದಲ್ಲ, ಕುಟುಂಬದ್ದು. ಕುಟುಂಬದೊಳಗೆ ವಯಸ್ಸು, ದುಡಿಮೆ, ಗಂಡು ಹೆಣ್ಣು ಎಂಬ ಸರದಿ ಇದೆ. ಆದ್ದರಿಂದ ನಮ್ಮ ಕಡೆ ಕಂದಕವನ್ನು ಅಳೆಯುವ ಮಾನ ಸಾಧನವಲ್ಲ, ಹೊತ್ತು. ದಿನದಲ್ಲಿ ಎಷ್ಟು ಹೊತ್ತು, ಯಾವ ಹೊತ್ತಿನಲ್ಲಿ, ಎಷ್ಟು ಡೇಟಾದೊಂದಿಗೆ, ಯಾರ ಕಣ್ಗಾವಲಿನಲ್ಲಿ ಫೋನು ಈ ಮಗುವಿನ ಕೈಯಲ್ಲಿರುತ್ತದೆ?

ಹೀಗೆ ಅಳೆಯುವುದು ಕಷ್ಟವಲ್ಲ. ಶಾಲೆಯ ವಾಟ್ಸ್ಆ್ಯಪ್ ಗುಂಪೇ ಅರ್ಧ ಉತ್ತರ ಕೊಡುತ್ತದೆ. ಪಾಠ ನೋಡಿದವರೆಷ್ಟು ಎಂದು ಎಣಿಸುವ ಬದಲು, ಬರೆದ ಮನೆಪಾಠದ ಫೋಟೊ ಎಷ್ಟು ಮಕ್ಕಳಿಂದ ವಾಪಸು ಬಂತು, ಎಷ್ಟು ಗಂಟೆಗೆ ಬಂತು ಎಂದು ಒಂದು ವಾರ ಗುರುತು ಹಾಕಿಕೊಂಡರೆ ಸಾಕು. ರಾತ್ರಿ ಒಂಬತ್ತರ ಮೇಲೆ ಮಾತ್ರ ಫೋಟೊ ಬರುವ ಮನೆಯಲ್ಲಿ ಹಗಲು ಫೋನಿಲ್ಲ. ಅಣ್ಣನ ಫೋಟೊ ದಿನವೂ ಬಂದು ತಂಗಿಯದು ವಾರಕ್ಕೊಮ್ಮೆ ಬಂದರೆ ಸರದಿ ಯಾರದೆಂದು ತಿಳಿಯಿತು. ನೀಲಿ ಗುರುತು ಬಿದ್ದೂ ಫೋಟೊ ಬರದ ಮನೆಯಲ್ಲಿ ಸಂದೇಶ ತೆರೆದವರು ದೊಡ್ಡವರು, ಮಗುವಲ್ಲ. ಎಷ್ಟೋ ಉಪಾಧ್ಯಾಯರಿಗೆ ಇದು ಅಂದಾಜಿನಲ್ಲಿ ಗೊತ್ತಿತ್ತು. ಆದರೆ ಅವರಿಂದ ಕೇಳಿ ಪಡೆದ ನಮೂನೆಗಳಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ.

ಈಗ ಆಕ್ಷೇಪಣೆಗಳಿಗೆ ಬರುತ್ತೇನೆ. ಮೊದಲನೆಯದು, ಇದೆಲ್ಲ ಕೊರೊನಾ ಕಾಲದ ಕಥೆ; ಫೋನು, ಡೇಟಾ ಎರಡೂ ಮನೆಮನೆಗೆ ಬಂದ ಮೇಲೆ ಅಂತರ ತಾನಾಗಿ ಮುಚ್ಚುತ್ತದೆ ಎಂಬುದು. ಇದನ್ನು ಪರೀಕ್ಷಿಸಲು 2024ರ ಅಸರ್ ವರದಿ ಇದೆ. ಅದರ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದವರಲ್ಲಿ ಹತ್ತಿರ ಹತ್ತಿರ ಶೇ. 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಶೇ. 82 ಮಂದಿಗೆ ಬಳಸಲೂ ಬರುತ್ತದೆ. ಅಂದರೆ ಮೊದಲ ಹಂತದ ಕಂದಕ ಬಹುಮಟ್ಟಿಗೆ ತುಂಬಿದೆ. ಆದರೂ ಹಿಂದಿನ ವಾರದಲ್ಲಿ ಓದಿಗೆ ಸಂಬಂಧಿಸಿ ಫೋನ್ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. ಬಳಸಲು ಬರುವವರಲ್ಲಿ ಸ್ವಂತ ಫೋನ್ ಇರುವ ಹುಡುಗರು ಶೇ. 36, ಹುಡುಗಿಯರು ಶೇ. 27. ಸಾಧನ ಬಂದಿದೆ, ಸರದಿ ಬದಲಾಗಿಲ್ಲ. ಹುಡುಗನ ಕೈಯಲ್ಲಿ ಫೋನ್ ಕಂಡರೆ ಆಟ ಆಡುತ್ತಾನೆ ಎಂದು ಬೈಯುವ ಊರು, ಹುಡುಗಿಯ ಕೈಯಲ್ಲಿ ಕಂಡರೆ ಬೇರೆಯೇ ಅನುಮಾನ ಪಡುತ್ತದೆ. ಆ ಅನುಮಾನ ಡೇಟಾ ಅಗ್ಗವಾದರೆ ಹೋಗುವಂಥದ್ದಲ್ಲ.

ಎರಡನೆಯ ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು: ಮಕ್ಕಳು ಹಿಂದೆ ಬಿದ್ದದ್ದು ಶಾಲೆ ಮುಚ್ಚಿದ್ದರಿಂದ, ಅದಕ್ಕೆ ಫೋನಿನ ಅಸಮಾನತೆಯನ್ನು ಏಕೆ ಹೊಣೆ ಮಾಡುತ್ತೀರಿ? 2021ರ ಮಾರ್ಚ್‌ನಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಅಸರ್ ತಂಡ ಮನೆಮನೆಗೆ ಹೋಗಿ ನೋಡಿದಾಗ, ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರ ಶೇ. 19.2ರಿಂದ ಶೇ. 9.8ಕ್ಕೆ ಇಳಿದಿದ್ದರು. ಕಳೆಯುವ ಲೆಕ್ಕ ಮಾಡಬಲ್ಲವರು ಶೇ. 26.3ರಿಂದ ಶೇ. 17.3ಕ್ಕೆ. ಈ ಕುಸಿತದಲ್ಲಿ ಎಷ್ಟು ಪಾಲು ಮುಚ್ಚಿದ ಬಾಗಿಲಿನದು, ಎಷ್ಟು ಪಾಲು ಸಿಗದ ಫೋನಿನದು ಎಂದು ಈ ಅಂಕಿಗಳು ಬೇರ್ಪಡಿಸಿ ಹೇಳುವುದಿಲ್ಲ. ಬೇರ್ಪಟ್ಟಿವೆ ಎಂದು ನಾನು ವಾದಿಸುವುದೂ ಇಲ್ಲ. ಆದರೆ ಎರಡನ್ನೂ ಬೇರೆ ಬೇರೆ ಕಾರಣ ಎಂದು ನೋಡುವುದೇ ಸರಿಯಲ್ಲ. ಶಾಲೆ ಎಂಬುದು ಪಾಠವೊಂದೇ ಅಲ್ಲ. ಒಂದು ಕೋಣೆ, ಬೆಳಕು, ನಿಗದಿಯಾದ ಹೊತ್ತು, ಒಂದು ಕರಿಹಲಗೆ, ಪುಸ್ತಕ ತಿದ್ದುವ ಒಬ್ಬ ದೊಡ್ಡವರು, ಮಧ್ಯಾಹ್ನದ ಬಿಸಿಯೂಟ. ಇವೆಲ್ಲ ಆ ಕೋಣೆಯೊಳಗೆ ಜಮೀನ್ದಾರನ ಮಗನಿಗೂ ಕೂಲಿಯವಳ ಮಗಳಿಗೂ ಒಂದೇ. ಆನ್‌ಲೈನ್ ಕಲಿಕೆ ಪಾಠವನ್ನು ಮಾತ್ರ ಮನೆಗೆ ಕಳಿಸಿತು. ಉಳಿದದ್ದನ್ನೆಲ್ಲ ನೀವೇ ಹೊಂದಿಸಿಕೊಳ್ಳಿ ಎಂದು ಮನೆಯ ತಲೆಗೆ ಹೊರಿಸಿತು. ಸಾರ್ವಜನಿಕವಾಗಿದ್ದ ಸೌಲಭ್ಯವನ್ನು ಖಾಸಗಿ ಮಾಡಿದಾಗ ಖಾಸಗಿಯ ಅಸಮಾನತೆಯೆಲ್ಲ ಕಲಿಕೆಯೊಳಗೆ ಬಂದುಬಿಡುತ್ತದೆ. ಯೂಟ್ಯೂಬಿನಲ್ಲಿ ತಾವೇ ಕಲಿತು ಮುಂದೆ ಬಂದ ಹಳ್ಳಿ ಮಕ್ಕಳೂ ಇದ್ದಾರಲ್ಲ ಎಂದರೆ, ಇದ್ದಾರೆ. ಮಾಧ್ಯಮದ ಮೂಲಕ ಹರಿಯುವ ಜ್ಞಾನ ಈಗಾಗಲೇ ಮುಂದಿರುವವರಿಗೆ ಬೇಗ ದಕ್ಕಿ ಅಂತರವನ್ನು ಹಿಗ್ಗಿಸುತ್ತದೆ ಎಂದು ಟಿಚೆನರ್ ಮತ್ತು ಸಂಗಡಿಗರು 1970ರಷ್ಟು ಹಿಂದೆಯೇ ಹೇಳಿದ್ದರು. ಆ ಮಕ್ಕಳ ಗೆಲುವು ಈ ಮಾತಿಗೆ ಪುರಾವೆಯೇ ಹೊರತು ಅಪವಾದವಲ್ಲ.

ನಮ್ಮ ರಾಜ್ಯದಲ್ಲಿ ಈ ಅಸಮಾನತೆಗೆ ಸರ್ಕಾರ ಕಂಡುಕೊಂಡ ಮೊದಲ ಉತ್ತರ ನಿಷೇಧ. 2020ರ ಜೂನ್ 15ರ ಆದೇಶ ಐದನೇ ತರಗತಿಯವರೆಗಿನ ಆನ್‌ಲೈನ್ ತರಗತಿಗಳನ್ನು ತಡೆಯಿತು. ಅದು ಮೂಲಭೂತ ಹಕ್ಕಿಗೆ ಧಕ್ಕೆ ಎಂದು ಜುಲೈ 8ರಂದು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನ್ಯಾಯಾಲಯದ ತರ್ಕ ಸರಿಯಾಗಿತ್ತು: ಒಂದು ಮಗುವಿಗೆ ಸಿಗುವುದಿಲ್ಲ ಎಂದು ಇನ್ನೊಂದರ ಕೈಯಿಂದ ಕಿತ್ತುಕೊಳ್ಳುವುದು ಸಮಾನತೆಯಲ್ಲ. ಆದರೆ ತಡೆಯಾಜ್ಞೆಯ ನಂತರ ಉಳಿದದ್ದು ಆನ್‌ಲೈನ್ ಪಾಠ ಕೊಡುವ ಶಾಲೆಗಳ ಸ್ವಾತಂತ್ರ್ಯ. ಆ ಪಾಠ ಪಡೆಯುವ ಏರ್ಪಾಡು ಮಗುವಿಗೆ ಸಿಗಲಿಲ್ಲ. ಆದೇಶ, ತಡೆಯಾಜ್ಞೆ ಎರಡರಲ್ಲೂ ಚರ್ಚೆ ನಡೆದದ್ದು ಮನೆಯಲ್ಲಿ ಕೂತ ಮಗುವಿನ ಬಗ್ಗೆ. ಮಗು ಮನೆಯಲ್ಲೇ ಕೂರಬೇಕೇ ಎಂಬ ಪ್ರಶ್ನೆ ಬದಿಗುಳಿಯಿತು.

ಹಾಗಾದರೆ ಪ್ರತಿ ಮಗುವಿಗೂ ಒಂದು ಟ್ಯಾಬ್ ಕೊಟ್ಟುಬಿಡಿ ಎನ್ನುವವರಿದ್ದಾರೆ. ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ ದೇಶ ಪೆರು. ಅಲ್ಲಿನ 319 ಗ್ರಾಮೀಣ ಶಾಲೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಣಿತ, ಭಾಷೆಗಳ ಪರೀಕ್ಷೆಯಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ. ಟ್ಯಾಬ್ ಕೊಡುವುದಕ್ಕೆ ನನ್ನ ವಿರೋಧವಿಲ್ಲ, ಆದರೆ ಅದು ಮತ್ತೆ ಮನೆಗೇ ಹೋಗುತ್ತದೆ. ಅಲ್ಲಿ ಡೇಟಾಗೆ ದುಡ್ಡು ಬೇಕು, ತಿದ್ದುವವರು ಬೇಕು, ಕೂರಲು ಜಾಗ ಬೇಕು. ರಿಪೇರಿಗೆ ತಾಲ್ಲೂಕು ಕೇಂದ್ರಕ್ಕೆ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು.

ಕರ್ನಾಟಕಕ್ಕೆ ಇದಕ್ಕಿಂತ ಹಳೆಯದೂ ಉತ್ತಮವೂ ಆದ ಅನುಭವವಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿವಿ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಅವುಗಳಲ್ಲಿ ನಮ್ಮ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಊರಿಗೆ ಒಂದೇ ಟಿವಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆಲ್ಲ. 2004ರಲ್ಲಿ ಎಜುಸ್ಯಾಟ್ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ 885 ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಾಹಕ ಸಾಧನ ಇಟ್ಟು ಕನ್ನಡದಲ್ಲಿ ಪಾಠ ಬಿತ್ತರಿಸಿದರು. ಈ ಪ್ರಯೋಗಗಳಿಗೆ ಅವುಗಳದೇ ಮಿತಿಗಳಿದ್ದವು: ಪಾಠ ಒಮ್ಮುಖ, ಮಗುವಿನ ಪ್ರಶ್ನೆಗೆ ಪರದೆಯಿಂದ ಉತ್ತರವಿಲ್ಲ, ಕರೆಂಟು ಹೋದರೆ ಎಲ್ಲ ನಿಂತಿತು. ಆದರೂ ಅವುಗಳಲ್ಲಿ ಒಂದು ತಿಳಿವಳಿಕೆ ಇತ್ತು. ಯಂತ್ರ ಇರಬೇಕಾದ ಜಾಗ ಮನೆಯಲ್ಲ, ಊರಿನ ಎಲ್ಲರಿಗೂ ಹಕ್ಕಿರುವ ಕಟ್ಟಡ. ಐವತ್ತು ವರ್ಷಗಳಲ್ಲಿ ಯಂತ್ರ ಅಂಗೈಗೆ ಇಳಿದದ್ದರಿಂದ ಆ ತಿಳಿವಳಿಕೆ ನಮ್ಮಿಂದ ಜಾರಿತು.

ಇಲ್ಲಿ ಕೊನೆಯ, ಮತ್ತು ನನಗೆ ಹೆಚ್ಚು ಮುಖ್ಯವೆನಿಸುವ ಆಕ್ಷೇಪಣೆ ಬರುತ್ತದೆ. ಊರಿನ ಜಾಗ ಎಂದಮಾತ್ರಕ್ಕೆ ಎಲ್ಲರ ಜಾಗ ಆಗುತ್ತದೆಯೇ? ವಿದ್ಯಾಗಮ ಬಯಲಲ್ಲಿ, ಮರದಡಿಯಲ್ಲಿ, ಸಮುದಾಯ ಭವನದಲ್ಲಿ, ಗುಡಿಯ ಜಗಲಿಯಲ್ಲಿ ನಡೆಯುತ್ತಿತ್ತು. ಗುಡಿಯ ಜಗಲಿಗೆ ಯಾವ ಕೇರಿಯ ಮಕ್ಕಳು ನಿಸ್ಸಂಕೋಚವಾಗಿ ಬರುತ್ತಾರೆ, ಯಾವ ಕೇರಿಯವರು ಅಂಚಿನಲ್ಲಿ ನಿಲ್ಲುತ್ತಾರೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿಲ್ಲದಂತೆ ಯೋಜನೆ ರೂಪಿಸಬಾರದು. ಸೋಂಕಿನ ಭಯದಿಂದ ವಿದ್ಯಾಗಮ 2020ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು ಎಂಬುದೂ ನಿಜ, ಆ ಭಯ ಸುಳ್ಳಾಗಿರಲಿಲ್ಲ. ಆದ್ದರಿಂದಲೇ ಜಾತಿಯ ಹಂಗಿಲ್ಲದ, ಕಾನೂನಿನ ಪ್ರಕಾರ ಎಲ್ಲರಿಗೂ ಸೇರಿದ ಎರಡು ಕಟ್ಟಡಗಳತ್ತ ನಾನು ಬೊಟ್ಟು ಮಾಡುವುದು: ಸರ್ಕಾರಿ ಶಾಲೆ ಮತ್ತು ಗ್ರಾಮ ಪಂಚಾಯಿತಿ ಗ್ರಂಥಾಲಯ. ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ, 2020ರ ಮಕ್ಕಳ ದಿನಾಚರಣೆಯಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ‘ಅರಿವು ಕೇಂದ್ರ’ಗಳೆಂಬ ಹೆಸರಿನಲ್ಲಿ ಎಷ್ಟೋ ಕಡೆ ಕಂಪ್ಯೂಟರುಗಳೂ ಬಂದಿವೆ. ಅಲ್ಲಿ ಫೋನಿನ ಸರದಿ ಅಪ್ಪನಿಂದ ಶುರುವಾಗುವುದಿಲ್ಲ. ಹುಡುಗಿ ಪರದೆಯ ಮುಂದೆ ಕೂತರೆ ಹತ್ತು ಜನರ ಎದುರೇ ಕೂತಿರುತ್ತಾಳೆ, ಅನುಮಾನಕ್ಕೆ ಎಡೆ ಕಡಿಮೆ. ಆದರೆ ಶಾಲೆ ಬಿಡುವ ಹೊತ್ತಿಗೆ ಗ್ರಂಥಾಲಯದ ಬಾಗಿಲೂ ಮುಚ್ಚುವುದಾದರೆ ಈ ಕಂಪ್ಯೂಟರುಗಳಿಂದ ಅವಳಿಗೆ ಪ್ರಯೋಜನವಿಲ್ಲ.

ಹಾಗಾಗಿ ನಮ್ಮ ತಾಲ್ಲೂಕುಗಳ ಪಂಚಾಯಿತಿ ಸದಸ್ಯರಲ್ಲಿ ಮತ್ತು ಶಾಲಾಭಿವೃದ್ಧಿ ಸಮಿತಿಯವರಲ್ಲಿ ನನ್ನ ಬೇಡಿಕೆ ಚಿಕ್ಕದು, ಖಚಿತವಾದದ್ದು. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ನಿಮ್ಮ ಮನೆಯಲ್ಲಿ ಫೋನ್ ಇದೆಯೇ ಎಂದು ಕೇಳಬೇಡಿ. ನಿನ್ನೆ ಫೋನು ಓದಲಿಕ್ಕೆ ನಿನ್ನ ಕೈಗೆ ಯಾವಾಗ ಸಿಕ್ಕಿತು, ಎಷ್ಟು ಹೊತ್ತು ಸಿಕ್ಕಿತು ಎಂದು ಪ್ರತಿ ಮಗುವನ್ನೂ ಕೇಳಿ, ಹುಡುಗ ಹುಡುಗಿಯರ ಉತ್ತರವನ್ನು ಬೇರೆ ಬೇರೆ ಬರೆದುಕೊಳ್ಳಿ. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ನಿಮ್ಮ ಅರಿವು ಕೇಂದ್ರದ ಸಮಯವನ್ನು ನಿಗದಿ ಮಾಡಿ, ಸಂಜೆ ನಾಲ್ಕೂವರೆಯಿಂದ ಏಳೂವರೆಯವರೆಗೆ ಬಾಗಿಲು ತೆರೆದಿರಲಿ, ಮೇಲ್ವಿಚಾರಕರಿಗೆ ಆ ಹೆಚ್ಚುವರಿ ಹೊತ್ತಿನ ಸಂಬಳವನ್ನು ಪಂಚಾಯಿತಿಯ ಬಜೆಟ್ಟಿನಲ್ಲೇ ಬರೆಯಿರಿ.